ಹತ್ತು ನಿಮಿಷದ ವೀಣೆ ಪಾಠ: ಕಡಿಮೆ ವೇಗದ ನೆಟ್‌ವರ್ಕಿಗೆ ವಿಡಿಯೊ ಹೊಂದಿಸುವ ಬಗೆ

ಮೈಸೂರಿನ ಕೃಷ್ಣಮೂರ್ತಿಪುರಂನ ಮನೆಯೊಂದರಲ್ಲಿ ಮೊಬೈಲಿನಿಂದ ಚಿತ್ರೀಕರಿಸಿದ ಹತ್ತು ನಿಮಿಷದ ವೀಣೆ ಪಾಠವನ್ನು ಹೆಗ್ಗಡದೇವನಕೋಟೆ ಕಡೆಯ ಹಳ್ಳಿಯಲ್ಲಿರುವ ಶಿಷ್ಯೆಗೆ ತಲುಪಿಸಬೇಕಿತ್ತು. ಆಕೆಯದು ಹಳೆಯ ಫೋನು. ಮನೆಯೊಳಗೆ ಸಿಗುವ ವೇಗ ಸೆಕೆಂಡಿಗೆ ಸುಮಾರು 600 ಕಿಲೋಬಿಟ್.

ಕಡತದ ಗಾತ್ರವನ್ನು ನಿರ್ಧರಿಸುವುದು ಬಿಟ್‌ರೇಟ್, ಅಂದರೆ ಪ್ರತಿ ಸೆಕೆಂಡಿಗೆ ಬಳಕೆಯಾಗುವ ಬಿಟ್‌ಗಳ ಪ್ರಮಾಣ. ಮೂಲ ವಿಡಿಯೊ 1080p, ಸೆಕೆಂಡಿಗೆ 17 ಮೆಗಾಬಿಟ್. ಅದನ್ನು 600 ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದರೆ ಸುಮಾರು 1,275 ಎಂಬಿ. ಆಕೆಯ ನೆಟ್‌ವರ್ಕಿನಲ್ಲಿ ಇಷ್ಟು ಇಳಿಯಲು ನಾಲ್ಕೂಮುಕ್ಕಾಲು ಗಂಟೆ ಬೇಕು.

ಮೊದಲ ಪ್ರಶ್ನೆ ಕೊಡೆಕ್‌ನದು. MP4 ಎಂಬುದು ಬರಿಯ ಡಬ್ಬಿ, ಒಳಗಿರುವುದು H.264 ಆಗಿರಬಹುದು, H.265 ಆಗಿರಬಹುದು, ಕಡತದ ಹೆಸರು ಅದನ್ನು ಹೇಳುವುದಿಲ್ಲ. 2013ರ H.265 ಅದೇ ಗುಣಮಟ್ಟಕ್ಕೆ ಕಡಿಮೆ ಬಿಟ್ ಸಾಕೆನ್ನುತ್ತದೆ, ನಿಜ. ಆದರೆ ಅದನ್ನು ಬಿಡಿಸುವ ಡಿಕೋಡರ್ ಇಲ್ಲದ ಹಳೆಯ ಫೋನಿನಲ್ಲಿ ದನಿ ಕೇಳಿಸಿದರೂ ಪರದೆ ಕಪ್ಪಾಗಿಯೇ ಉಳಿಯಬಹುದು. ಉಳಿತಾಯಕ್ಕಿಂತ ತೆರೆದುಕೊಳ್ಳುವುದು ಮುಖ್ಯ ಎಂಬ ಕಾರಣಕ್ಕೆ 2003ರ H.264 ಅನ್ನೇ ಆರಿಸಿದೆ.

ಎರಡನೆಯದು, ಯಾವುದನ್ನು ಕಳೆಯಬೇಕು ಎಂಬುದು. ಸೆಕೆಂಡಿಗೆ 30 ಚೌಕಟ್ಟುಗಳಿರುವುದನ್ನು 15ಕ್ಕೆ ಇಳಿಸುವ ಸಲಹೆ ಸಾಮಾನ್ಯ. ವೀಣೆಗೆ ಅದು ಸಲ್ಲದು: ಗಮಕಕ್ಕಾಗಿ ಎಡಗೈ ಬೆರಳು ತಂತಿಯನ್ನು ಎಳೆದು ಬಿಡುವ ಚಲನೆ ಚೌಕಟ್ಟುಗಳ ನಡುವೆ ಕಳೆದುಹೋಗುತ್ತದೆ, ಕಲಿಯುವವರಿಗೆ ಬೇಕಾದದ್ದೇ ಅದು. ಆದ್ದರಿಂದ ಚೌಕಟ್ಟುಗಳನ್ನು ಹಾಗೆಯೇ ಉಳಿಸಿ ಚಿತ್ರದ ಎತ್ತರವನ್ನು 480ಕ್ಕೆ ಇಳಿಸಿದೆ. ದನಿ ಒಂದೇ ಚಾನೆಲ್, 96 ಕಿಲೋಬಿಟ್.

```
ffmpeg -i paata.mp4 -vf scale=-2:480 -c:v libx264 \
 -pix_fmt yuv420p -crf 27 -maxrate 400k -bufsize 800k \
 -c:a aac -ac 1 -b:a 96k kiru.mp4
```

ಚಿತ್ರ, ದನಿ ಸೇರಿ ಹೆಚ್ಚೆಂದರೆ 496 ಕಿಲೋಬಿಟ್. ಕಡತ ಸುಮಾರು 37 ಎಂಬಿ. ಇಳಿಯಲು ಎಂಟು ನಿಮಿಷ ಚಿಲ್ಲರೆ.

ಇಷ್ಟು ಕಡಿಮೆ ಬಿಟ್‌ಗಳಲ್ಲಿ ಚಿತ್ರ ಉಳಿಯುವುದಕ್ಕೆ ಒಂದು ಕಾರಣವಿದೆ. ಕೊಡೆಕ್ ಪ್ರತಿ ಚೌಕಟ್ಟನ್ನೂ ಹೊಸದಾಗಿ ಬರೆಯುವುದಿಲ್ಲ, ಹಿಂದಿನದಕ್ಕಿಂತ ಬದಲಾದದ್ದನ್ನು ಮಾತ್ರ ಬರೆಯುತ್ತದೆ. ಫೋನು ಸ್ಟ್ಯಾಂಡಿನ ಮೇಲಿದ್ದು ಹಿಂದೆ ಬರಿ ಗೋಡೆಯಿದ್ದರೆ ಬದಲಾಗುವುದು ಬೆರಳುಗಳಷ್ಟೇ, ಬಿಟ್‌ಗಳೆಲ್ಲ ಅಲ್ಲಿಗೇ ಸಲ್ಲುತ್ತವೆ. ಕೈಯಲ್ಲಿ ಹಿಡಿದು ಚಿತ್ರಿಸಿದರೆ ಗೋಡೆಯೂ ಅಲುಗುತ್ತದೆ. ಮಬ್ಬು ಬೆಳಕಿನಲ್ಲಿ ಮೂಡುವ ಕಾಳುಕಾಳು ಚುಕ್ಕೆಗಳೂ ಪ್ರತಿ ಚೌಕಟ್ಟಿಗೆ ಬದಲಾಗಿ ಬಿಟ್‌ಗಳನ್ನು ತಿನ್ನುತ್ತವೆ. ಬೆರಳು ವೇಗವಾಗಿ ಜಾರುವ ಕಡೆ ಚಿತ್ರ ಚೌಕಚೌಕವಾಗಿ ಒಡೆದರೆ ಬಿಟ್ ಸಾಲುತ್ತಿಲ್ಲ ಎಂದೇ ತಿಳಿಯಬೇಕು. ಆಗ ಬಿಟ್‌ರೇಟ್ ಏರಿಸುವ ಮೊದಲು ಫೋನನ್ನು ಸ್ಥಿರವಾಗಿಟ್ಟು ಕಿಟಕಿಯ ಬೆಳಕಿನಲ್ಲಿ ಮತ್ತೆ ಚಿತ್ರೀಕರಿಸುವುದು ಲೇಸು.

ಹೀಗೆ ಹೊಂದಿಸಿದ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಇನ್ನೊಮ್ಮೆ ಕುಗ್ಗಬಹುದು. ಡಾಕ್ಯುಮೆಂಟ್ ಆಗಿಯೇ ಕಳಿಸಿ.