ಉಪ್ಪು, ಫೋನು ಮತ್ತು ಘಟ್ಟದ ದಾರಿ: ಬೆಳಗಾವಿ ಸೀಮೆಯಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ

ಖಾನಾಪುರದ ಕಿರಾಣಿ ಅಂಗಡಿಯೊಂದರಲ್ಲಿ ನಿಂತು ಅರ್ಧ ತಾಸು ನೋಡಿದರೆ ಒಂದು ಸಂಗತಿ ತಾನಾಗಿ ಕಣ್ಣಿಗೆ ಬೀಳುತ್ತದೆ. ಅಕ್ಕಿಯ ಧಾರಣೆ ಕೇಳುತ್ತಾರೆ, ಬೇಳೆಯ ಧಾರಣೆಗೆ ಚೌಕಾಸಿ ಮಾಡುತ್ತಾರೆ, ಎಣ್ಣೆ ತುಟ್ಟಿಯಾಯಿತೆಂದು ಗೊಣಗುತ್ತಾರೆ. ಉಪ್ಪಿನ ಸರದಿ ಬಂದಾಗ ಮಾತ್ರ ‘ಒಂದ್ ಪಾಕೀಟ್ ಉಪ್ಪ ಹಾಕ್ರಿ’ ಎನ್ನುತ್ತಾರೆ, ದರ ಕೇಳುವುದಿಲ್ಲ. ಅದೇ ಊರಿನ ಹುಡುಗ ಬೆಳಗಾವಿಗೆ ಬಂದು ಫೋನಿನ ಅಂಗಡಿಯಲ್ಲಿ ನಿಂತಾಗ ಮಾತಿನ ರೀತಿಯೇ ಬೇರೆ. ತಿಂಗಳ ಕಂತು ಎಷ್ಟು, ಹೋದ ತಿಂಗಳಿಗಿಂತ ಯಾಕೆ ಹೆಚ್ಚಾಯಿತು, ಇದರ ಕೆಳಗಿನ ಮಾಡೆಲ್ ಯಾವುದು ಎಂದೆಲ್ಲ ವಿಚಾರಿಸಿ, ಕೊನೆಗೆ ‘ದೀಪಾವಳಿ ತನಕಾ ಇದರಾಗ ನಡಸ್ತೀನಿ ಕಾಕಾ, ಈ ಗಾಜೊಂದು ಹಾಕಿ ಕೊಡ್ರಿ’ ಎಂದು ಒಡೆದ ಫೋನನ್ನೇ ಮುಂದೆ ಚಾಚುತ್ತಾನೆ.

ಬೆಲೆ ಏರಿದಾಗ ಕೊಳ್ಳುವ ಪ್ರಮಾಣ ಎಷ್ಟು ತಗ್ಗುತ್ತದೆ ಎಂಬುದರ ಅಳತೆಗೆ ನಮ್ಮ ಪಠ್ಯಪುಸ್ತಕಗಳು ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ ಎನ್ನುತ್ತವೆ. ಪ್ರಮಾಣದಲ್ಲಾದ ಶೇಕಡಾವಾರು ಬದಲಾವಣೆಯನ್ನು ಬೆಲೆಯಲ್ಲಾದ ಶೇಕಡಾವಾರು ಬದಲಾವಣೆಯಿಂದ ಭಾಗಿಸಬೇಕು. ಬರುವ ಅಂಕಿ ಒಂದಕ್ಕಿಂತ ಕಡಿಮೆಯಾದರೆ ಬೇಡಿಕೆ ಬಿಗಿ, ಹೆಚ್ಚಾದರೆ ಸಡಿಲ. ಉಪ್ಪು ಮೊದಲನೆಯದಕ್ಕೆ, ಫೋನು ಎರಡನೆಯದಕ್ಕೆ ಉದಾಹರಣೆ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಬಿಗಿತನ ಉಪ್ಪಿನೊಳಗೇ ಅಡಗಿದ ಗುಣವೆಂಬಂತೆ ಇದನ್ನು ಕಲಿಸುತ್ತಿರುವುದು ತಪ್ಪೆಂಬುದು ನನ್ನ ವಾದ. ಅದಕ್ಕೆ ಆಧಾರ ಬೆಳಗಾವಿ ಸೀಮೆಯ ಉಪ್ಪಿನ ಚರಿತ್ರೆಯಲ್ಲೇ ಇದೆ.

ಈ ಕಲ್ಪನೆಗೆ ಹೆಸರಿಟ್ಟು ರೂಪ ಕೊಟ್ಟವನು ಇಂಗ್ಲೆಂಡಿನ ಆಲ್‌ಫ್ರೆಡ್ ಮಾರ್ಷಲ್. ಅನಾರೋಗ್ಯದಿಂದ ಇಟಲಿಗೆ ಹೋಗಿದ್ದ ಆತ 1881-82ರ ಚಳಿಗಾಲದಲ್ಲಿ ಪಲೆರ್ಮೊ ನಗರದ ಹೋಟೆಲೊಂದರ ಮಾಳಿಗೆಯ ಮೇಲೆ ಇದನ್ನು ಹೊಳೆಯಿಸಿಕೊಂಡನೆಂದು ಅವನ ಹೆಂಡತಿ ಮೇರಿ ನೆನಪಿಸಿಕೊಂಡಿದ್ದಾಳೆ. 1890ರಲ್ಲಿ ಬಂದ ಅವನ ಅರ್ಥಶಾಸ್ತ್ರದ ಗ್ರಂಥದಲ್ಲಿ ಉಪ್ಪಿನ ಪ್ರಸ್ತಾಪವಿದೆ. ಅದನ್ನು ಆತ ಹೇಳಿದ್ದು ಬಹಳ ಎಚ್ಚರಿಕೆಯಿಂದ. ತನ್ನ ದೇಶದಲ್ಲಿ ಉಪ್ಪಿನ ಬೆಲೆ ಬಡವರ ಪಾಲಿಗೂ ತೀರ ಅಗ್ಗವಾಗಿರುವುದರಿಂದ, ಇನ್ನಷ್ಟು ಇಳಿದರೂ ಬಳಕೆ ಹೆಚ್ಚೇನೂ ಏರಲಾರದು ಎಂದ. ತನ್ನ ದೇಶದಲ್ಲಿ, ಆಗಿನ ಬೆಲೆಯಲ್ಲಿ ಎಂಬ ಎರಡು ಷರತ್ತುಗಳು ಅಲ್ಲಿವೆ. ಪಠ್ಯಪುಸ್ತಕಗಳು ಉಪ್ಪನ್ನು ಉಳಿಸಿಕೊಂಡು ಷರತ್ತುಗಳನ್ನು ಕೈಬಿಟ್ಟವು.

ಆ ಷರತ್ತುಗಳು ಇಲ್ಲಿ ಸಲ್ಲುತ್ತಿರಲಿಲ್ಲ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಇಲಾಖೆಯಲ್ಲಿತ್ತು. ಅಲ್ಲಿ 1837ರಲ್ಲಿ ಮಣಕ್ಕೆ ಎಂಟಾಣೆಯಿದ್ದ ಉಪ್ಪಿನ ಸುಂಕ ಮೆಟ್ಟಿಲು ಮೆಟ್ಟಿಲಾಗಿ ಏರಿ 1878ರ ಹೊತ್ತಿಗೆ ಎರಡೂವರೆ ರೂಪಾಯಿಗೆ ಬಂದಿತ್ತು. 1882ರ ಬಜೆಟ್ಟಿನಲ್ಲಿ, ಅಂದರೆ ಮಾರ್ಷಲ್ ಪಲೆರ್ಮೊದಲ್ಲಿ ಕೂತಿದ್ದ ಚಳಿಗಾಲ ಮುಗಿಯುವ ಹೊತ್ತಿಗೆ, ಹಣಕಾಸು ಸದಸ್ಯ ಈವ್ಲಿನ್ ಬೇರಿಂಗ್ ಅದನ್ನು ಎರಡು ರೂಪಾಯಿಗೆ ಇಳಿಸಿದ. 1888ರಲ್ಲಿ ಅದು ಮತ್ತೆ ಎರಡೂವರೆಯಾಯಿತು. ಇಲ್ಲಿ ಮಣ ಎಂದರೆ ಸರ್ಕಾರಿ ಮಣ, ಸುಮಾರು 37 ಕಿಲೋ. ನಮ್ಮ ಪೇಟೆಗಳ ಮಣ ಬೇರೆ. ಹಳೆಯ ಲೆಕ್ಕಪತ್ರ ಓದುವವರು ಮೊದಲು ಎಡವುವುದು ಇಲ್ಲೇ.

ಖಾನಾಪುರ ತಾಲೂಕಿನ ಕೂಲಿ ಕುಟುಂಬವೊಂದನ್ನು ಊಹಿಸಿಕೊಳ್ಳೋಣ. ಮನೆಮಂದಿಯ ಊಟ, ಉಪ್ಪಿನಕಾಯಿ, ಎತ್ತು-ಎಮ್ಮೆ ಎಲ್ಲ ಸೇರಿ ವರ್ಷಕ್ಕೆ ಮುಕ್ಕಾಲು ಮಣ ಉಪ್ಪು ಬೇಕು, ದಿನಗೂಲಿ ಮೂರಾಣೆ. ಮಣಕ್ಕೆ ಎರಡೂವರೆ ರೂಪಾಯಿ ಸುಂಕವಿದ್ದಾಗ ಆ ಉಪ್ಪಿನ ಮೇಲೆ ಸುಂಕವೇ ಮೂವತ್ತಾಣೆಯಾಗುತ್ತದೆ, ಹತ್ತು ದಿನದ ಕೂಲಿ. ಉಪ್ಪಿನ ಅಸಲು ಬೆಲೆ, ಹೇರಿನ ಬಾಡಿಗೆ, ಅಂಗಡಿಯವನ ಲಾಭ ಇದರ ಮೇಲೆ. ಇಂದಿನ ಐವರ ಕುಟುಂಬ ತಲೆಗೆ ದಿನಕ್ಕೆ 10 ಗ್ರಾಮಿನಂತೆ ತಿಂಗಳಿಗೆ ಒಂದೂವರೆ ಕಿಲೋ ಬಳಸುತ್ತದೆ ಎನ್ನೋಣ. 25 ರೂಪಾಯಿಯ ಪಾಕೀಟು 30 ಆದರೆ, ಬೆಲೆ ಶೇಕಡಾ 20 ಏರಿದರೂ, ತಿಂಗಳ ಹೊರೆ ಏಳೂವರೆ ರೂಪಾಯಿ. ಒಂದು ಚಹಾದ ದುಡ್ಡು. ಎರಡೂ ಕಾಲದಲ್ಲಿ ಪದಾರ್ಥ ಅದೇ ಉಪ್ಪು. ಜೇಬಿನಲ್ಲಿ ಅದು ಹಿಡಿಯುವ ಜಾಗ ಮಾತ್ರ ಬೇರೆ.

ಹತ್ತು ದಿನದ ಕೂಲಿ ತೆರಬೇಕಾದವರು ಉಪ್ಪು ಕಡಿಮೆ ಮಾಡಿದರೇ? ಸಾರಿಗೆ ಹಾಕುವುದನ್ನು ಅಷ್ಟಾಗಿ ಕಡಿಮೆ ಮಾಡಲಾಗದು. ಆದರೆ ಉಪ್ಪು ಹೋಗುವುದು ಸಾರಿಗೆ ಮಾತ್ರವಲ್ಲ. ಕಣಕಿಯ ಜತೆ ಎತ್ತಿಗೆ ಕೊಡುವ ಹಿಡಿ ಉಪ್ಪು, ಮೀನು ಒಣಗಿಸುವ ಉಪ್ಪು, ಮಾವಿನಕಾಯಿಯ ಭರಣಿಗೆ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಗೋಪಾಲಕೃಷ್ಣ ಗೋಖಲೆಯವರು 1902ರಲ್ಲಿ ವೈಸರಾಯರ ಶಾಸನಸಭೆಯಲ್ಲಿ ಮಾಡಿದ ಮೊದಲ ಬಜೆಟ್ ಭಾಷಣದಿಂದಲೇ ಸುಂಕ ಇಳಿಸಿ ಎಂದು ಹಟ ಹಿಡಿದರು. 1888ರ ಏರಿಕೆ ಬಳಕೆಯನ್ನು ಹಿಡಿದು ನಿಲ್ಲಿಸಿದೆ ಎಂಬುದು ಅವರ ವಾದದ ತಿರುಳು. 1903ರಲ್ಲಿ ಸುಂಕ ಎರಡು ರೂಪಾಯಿಗೆ, 1905ರಲ್ಲಿ ಒಂದೂವರೆಗೆ, 1907ರಲ್ಲಿ ಒಂದಕ್ಕೆ ಇಳಿಯಿತು. ನಮ್ಮ ಕೂಲಿ ಕುಟುಂಬದ ಲೆಕ್ಕದಲ್ಲಿ ಹತ್ತು ದಿನ ನಾಲ್ಕಾಯಿತು. ಬಳಕೆ ಏರಿತು ಕೂಡ.

ಬಳಕೆ ಏರಿತೆಂದ ಮಾತ್ರಕ್ಕೆ ಬೇಡಿಕೆ ಸಡಿಲವೆನ್ನಲಾಗದು. ಎರಡೂವರೆ ರೂಪಾಯಿಯ ಸುಂಕ ಒಂದಾದ ಮೇಲೂ ಸರ್ಕಾರಕ್ಕೆ ಮೊದಲಿನಷ್ಟೇ ಹಣ ಬರಬೇಕಾದರೆ ಜನ ಎರಡೂವರೆ ಪಟ್ಟು ಉಪ್ಪು ಕೊಳ್ಳಬೇಕು. ಅಷ್ಟು ಉಪ್ಪನ್ನು ಯಾರೂ ತಿನ್ನಲಾರರು, ದನಕ್ಕೂ ಹಾಕಲಾರರು. ಬೊಕ್ಕಸದ ಆದಾಯ ಇಳಿಯಿತು. ಗೋಖಲೆಯವರು ಬಳಕೆಯ ಏರಿಕೆಯನ್ನು ತೋರಿಸಿದ್ದೂ ಸರಿ, ಬೊಕ್ಕಸ ಆದಾಯಕ್ಕಾಗಿ ಉಪ್ಪನ್ನೇ ನೆಚ್ಚಿಕೊಂಡದ್ದಕ್ಕೂ ಕಾರಣವಿತ್ತು. ಸೊನ್ನೆಗೂ ಒಂದಕ್ಕೂ ನಡುವೆ ಬಹಳ ಜಾಗವಿದೆ. ಭಾರತದ ಬಡವನ ಉಪ್ಪು ಆ ನಡುವಿನಲ್ಲಿತ್ತು.

ಖಾನಾಪುರದ ಮಟ್ಟಿಗೆ ಈ ಕತೆಗೆ ಇನ್ನೊಂದು ಮಗ್ಗುಲಿದೆ, ಮತ್ತು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದೇ. ತಾಲೂಕಿನ ಪಶ್ಚಿಮದ ಗಡಿ ದಾಟಿದರೆ ಗೋವೆ. ಅಲ್ಲಿನ ಆಗರಗಳಲ್ಲಿ ತಯಾರಾದ ಉಪ್ಪು ಎತ್ತುಗಳ ಮೇಲೆ ಘಟ್ಟ ಹತ್ತಿ ಬರುತ್ತಿತ್ತು. ಪೋರ್ಚುಗೀಸರ ನೆಲದಲ್ಲಿ ಬ್ರಿಟಿಷರ ಸುಂಕ ನಡೆಯದು. ಹಾಗಾಗಿ ಗಡಿಯಲ್ಲಿ ನಾಕೆ ಹಾಕಿ ಒಳಬರುವ ಉಪ್ಪಿಗೆ ಸುಂಕ ವಸೂಲು ಮಾಡಬೇಕಿತ್ತು. ಕಾಡು ತುಂಬಿದ ಘಟ್ಟದಲ್ಲಿ ದಾರಿಗಳು ಹತ್ತಾರು, ನಾಕೆಗಳು ಬೆರಳೆಣಿಕೆಯಷ್ಟು. ಸುಂಕ ಏರಿದಷ್ಟೂ ಕಳ್ಳದಾರಿಯ ಉಪ್ಪಿಗೆ ಲಾಭ.

ಈಗ ಉಪ್ಪಿನ ಬೇಡಿಕೆ ಎಂಬ ಮಾತನ್ನು ಎರಡಾಗಿ ಬಿಡಿಸಬೇಕು. ಖಾನಾಪುರದ ಗೃಹಿಣಿಗೆ ಬೇಕಾದದ್ದು ಉಪ್ಪು; ಅದರ ಬೇಡಿಕೆ ಬಿಗಿ. ಸುಂಕ ತೆತ್ತ ಉಪ್ಪಿನ ಬೇಡಿಕೆ ಹಾಗಲ್ಲ. ಅದರ ಪಕ್ಕದಲ್ಲೇ ಅದೇ ರುಚಿಯ, ಅದಕ್ಕಿಂತ ಅಗ್ಗದ ಇನ್ನೊಂದು ಉಪ್ಪು ಸಿಗುವಾಗ ಬೆಲೆಯ ಸಣ್ಣ ಏರಿಕೆಗೂ ಕೊಳ್ಳುವವರು ಆಚೆ ಸರಿಯುತ್ತಾರೆ. ಬಿಜಾಪುರದಲ್ಲಿ ಬಿಗಿಯಾಗಿದ್ದ ಬೇಡಿಕೆ ಘಟ್ಟದಂಚಿನಲ್ಲಿ ಸಡಿಲ.

ಸರ್ಕಾರ ಇದನ್ನು ಮಾರ್ಷಲ್‌ನ ಪುಸ್ತಕಕ್ಕೂ ಮೊದಲೇ ಅರಿತಿತ್ತು. 1878ರ ಡಿಸೆಂಬರಿನಲ್ಲಿ ಲಿಸ್ಬನ್ನಿನಲ್ಲಿ ಸಹಿಯಾದ ಒಪ್ಪಂದದ ಪ್ರಕಾರ ಗೋವೆಯ ಉಪ್ಪಿನ ತಯಾರಿಕೆಯ ಹಿಡಿತ ಬ್ರಿಟಿಷರಿಗೆ ಬಂತು. ಪ್ರತಿಯಾಗಿ ಅವರು ಪೋರ್ಚುಗೀಸ್ ಆಡಳಿತಕ್ಕೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಕೊಡಬೇಕಾಯಿತು. ಗಡಿಯ ಈಚೆ ಸುಂಕ ಉಳಿಸಿಕೊಳ್ಳಲು ಆಚೆಯ ಬದಲಿ ಸರಕನ್ನೇ ಕೈವಶ ಮಾಡಿಕೊಂಡ ಕ್ರಮ ಇದು. ಸ್ಥಿತಿಸ್ಥಾಪಕತ್ವವನ್ನು ಹಣ ಕೊಟ್ಟು ತಗ್ಗಿಸಿದರು ಎಂದರೂ ನಡೆದೀತು. ಗೋವೆಯ ಆಗರದವರಿಗೆ ಇದರಿಂದ ದೊಡ್ಡ ಪೆಟ್ಟು ಬಿತ್ತು. ಒಪ್ಪಂದ 1892ರಲ್ಲಿ ಮುಗಿಯಿತು. ಆ ವೇಳೆಗೆ ಮುರ್ಮಗೋವೆಯಿಂದ ಕ್ಯಾಸಲ್‌ರಾಕ್, ಲೋಂಡಾ ಮಾರ್ಗವಾಗಿ ರೈಲು ಓಡಾಡುತ್ತಿತ್ತು.

ಹಳೆಯ ಅಂಕಿಗಳಿಂದ ಸ್ಥಿತಿಸ್ಥಾಪಕತ್ವ ಲೆಕ್ಕ ಹಾಕುವವರು ಒಂದು ಬಲೆಯ ಬಗ್ಗೆ ಎಚ್ಚರವಿರಬೇಕು. ಸರ್ಕಾರಿ ವರದಿಗಳಲ್ಲಿ ಇರುವುದು ಉಪ್ಪಿನ ಕೋಠಿಯಿಂದ ಹೊರಬಿದ್ದ ಮಣಗಳ ಲೆಕ್ಕ, ಮಡಕೆಯಿಂದ ಸಾರಿಗೆ ಬಿದ್ದ ಉಪ್ಪಿನದಲ್ಲ. 1923ರಲ್ಲಿ ಮಣಕ್ಕೆ ಒಂದೂಕಾಲು ರೂಪಾಯಿಯಿದ್ದ ಸುಂಕವನ್ನು ಎರಡೂವರೆಗೆ ಏರಿಸಿ, ಮರುವರ್ಷವೇ ಮೊದಲಿನ ಮಟ್ಟಕ್ಕೆ ತಂದರು. ಸುಂಕ ಏರಲಿದೆಯೆಂಬ ಸುಳಿವು ಸಿಕ್ಕರೆ ವ್ಯಾಪಾರಿ ಮೊದಲೇ ದಾಸ್ತಾನು ಮಾಡುತ್ತಾನೆ. ಇಳಿಯಲಿದೆಯೆಂದರೆ ಎತ್ತುವಳಿ ನಿಲ್ಲಿಸುತ್ತಾನೆ. ಹೀಗೆ ಕೋಠಿಯ ಲೆಕ್ಕ ಏರಿಳಿದರೂ ಮನೆಯ ಬಳಕೆ ಇದ್ದಲ್ಲೇ ಇರಬಹುದು. ಒಂದು ವರ್ಷದ ಅಂಕಿ ನಂಬದೆ, ಏರಿಕೆಯ ಹಿಂದಿನ ಮುಂದಿನ ಕೆಲವು ವರ್ಷಗಳನ್ನು ಸೇರಿಸಿ ಸರಾಸರಿ ನೋಡಿದರೆ ಮಾತ್ರ ದಾಸ್ತಾನಿನ ಏರಿಳಿತ ಕಳಚಿಕೊಳ್ಳುತ್ತದೆ.

ಫೋನಿನ ಲೆಕ್ಕದಲ್ಲೂ ಇದೇ ಬಲೆ ಇದೆ. 2020ರ ಏಪ್ರಿಲ್ 1ರಿಂದ ಮೊಬೈಲಿನ ಜಿಎಸ್‌ಟಿ ಶೇಕಡಾ 12ರಿಂದ 18 ಆಯಿತು. ತೆರಿಗೆಗೆ ಮುಂಚೆ 10,000 ರೂಪಾಯಿಯ ಫೋನು 11,200ರ ಬದಲು 11,800 ಆಗುತ್ತದೆ, ಏರಿಕೆ ಶೇಕಡಾ 5ಕ್ಕೆ ತುಸು ಹೆಚ್ಚು. ಅಂಗಡಿಗೆ ಬರುವ ಹತ್ತು ಜನರಲ್ಲಿ ಒಬ್ಬ ‘ದೀಪಾವಳಿ ತನಕಾ’ ಎಂದು ತಿರುಗಿ ಹೋದನೆನ್ನಿ; ಪ್ರಮಾಣ ಶೇಕಡಾ 10 ಇಳಿಯಿತು, ಸ್ಥಿತಿಸ್ಥಾಪಕತ್ವ ಸುಮಾರು 1.9. ಆದರೆ 2020ರ ನಿಜವಾದ ಮಾರಾಟದಿಂದ ಇದನ್ನು ಅಳೆಯಲಾಗದು. ಮಾರ್ಚ್ 25ರಿಂದಲೇ ಲಾಕ್‌ಡೌನ್ ಆಗಿ ಅಂಗಡಿಗಳ ಬಾಗಿಲು ಹಾಕಿತ್ತು. ಆಮೇಲೆ ಮಕ್ಕಳ ಆನ್‌ಲೈನ್ ಪಾಠಕ್ಕಾಗಿ ಫೋನು ಇಲ್ಲದ ಮನೆಗಳೂ ಸಾಲ ಮಾಡಿ ಕೊಂಡವು. ಆಗ ಬೇಡಿಕೆಯೇ ಜಾಗ ಬದಲಿಸಿತ್ತು. 2016ರ ನವೆಂಬರಿನಲ್ಲಿ ಉಪ್ಪು ಸಿಗದೆಂಬ ಗಾಳಿಸುದ್ದಿ ಹಬ್ಬಿ ಉತ್ತರ ಭಾರತದಲ್ಲಿ ಜನ ಹತ್ತಾರು ಪಟ್ಟು ದರ ತೆತ್ತು ಉಪ್ಪಿಗೆ ಮುಗಿಬಿದ್ದಾಗಲೂ ಆದದ್ದು ಅದೇ.

ತಿರುಗಿ ಹೋದ ಆ ಒಬ್ಬ ಎಲ್ಲಿಗೆ ಹೋದ? ಗಾಜು ಬದಲಿಸಿಕೊಂಡ, ಅಣ್ಣನ ಹಳೆಯ ಫೋನು ತೆಗೆದುಕೊಂಡ, ಇಲ್ಲವೇ ಎರಡು ಸಾವಿರ ಕಡಿಮೆಯ ಬೇರೆ ಕಂಪನಿಯದಕ್ಕೆ ಇಳಿದ. ಖಾನಾಪುರಕ್ಕೆ ಗೋವೆಯ ಉಪ್ಪು ಹೇಗೋ ಅವನಿಗೆ ಇವು ಹಾಗೆ. ಇವೆಲ್ಲವನ್ನೂ ಸೇರಿಸಿ ಫೋನು ಎಂಬ ಒಟ್ಟು ವಸ್ತುವನ್ನು ನೋಡಿದರೆ ಬೇಡಿಕೆ ಅಷ್ಟು ಸಡಿಲವಲ್ಲ. ಪಿಂಚಣಿಯ ಸಂದೇಶಕ್ಕೂ ಕೂಲಿಯ ಹಣ ಪಡೆಯಲಿಕ್ಕೂ ಅದು ಬೇಕಾಗಿಬಿಟ್ಟಿದೆ. ಕಾಲವೂ ಇಲ್ಲಿ ತಲೆಕೆಳಗಾಗಿ ಕೆಲಸ ಮಾಡುತ್ತದೆ. ಹೆಚ್ಚಿನ ಸರಕುಗಳಲ್ಲಿ ದಿನ ಕಳೆದಂತೆ ಬದಲಿ ಹುಡುಕಿಕೊಳ್ಳುವುದರಿಂದ ಬೇಡಿಕೆ ಸಡಿಲಾಗುತ್ತ ಹೋಗುತ್ತದೆ. ಬಾಳಿಕೆ ಬರುವ ಫೋನಿನಲ್ಲಿ ಬೆಲೆ ಏರಿದ ಮೊದಲ ತಿಂಗಳುಗಳಲ್ಲೇ ಇಳಿತ ಹೆಚ್ಚು. ಹಳೆಯ ಬ್ಯಾಟರಿ ಕೈಕೊಟ್ಟ ಮೇಲೆ ಮುಂದೂಡಿದವರಲ್ಲಿ ಬಹಳ ಜನ ಹಿಂದಿರುಗುತ್ತಾರೆ. ಉಪ್ಪನ್ನು ಮುಂದೂಡುವ ಮಾತೇ ಇಲ್ಲ.

ಉಪ್ಪಿನ ಸುಂಕ 1947ರ ಏಪ್ರಿಲ್‌ನಲ್ಲಿ ರದ್ದಾಯಿತು. ಇಂದು ಉಪ್ಪಿನ ಮೇಲೆ ಜಿಎಸ್‌ಟಿಯೂ ಇಲ್ಲ. ಚೋರ್ಲಾ ಘಟ್ಟ ಹತ್ತಿ ಗೋವೆಯಿಂದ ಬರುವ ವಾಹನಗಳನ್ನು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ತಡೆದು ತಪಾಸಣೆ ಮಾಡುತ್ತಾರೆ. ಸಿಬ್ಬಂದಿ ಹುಡುಕುವುದು ಅಲ್ಲಿನ ಅಗ್ಗದ ಮದ್ಯದ ಬಾಟಲಿಗಳನ್ನು; ಉಪ್ಪಿನ ಮೂಟೆ ಇದ್ದರೆ ಬಿಚ್ಚಿ ನೋಡುವುದು ಅದರಡಿ ಬಾಟಲಿ ಇದೆಯೇ ಎಂದು ಮಾತ್ರ.