ಹತ್ತು ದಿನ ಮೀರಿದ ನೆಗಡಿ: ಸೋಂಕೋ, ಅಲರ್ಜಿಯೋ?

ಕೋಲಾರ ಸೀಮೆಯಲ್ಲಿ ಮೂಗು ಕಟ್ಟಿ ಮುಖ ಭಾರವಾದರೆ ಜನ 'ಸೈನಸ್ ಆಗಿದೆ' ಅನ್ನುತ್ತಾರೆ. ಸಿಂಬಳ ಹಳದಿಯಾದರೆ ಔಷಧಿ ಅಂಗಡಿಯಲ್ಲಿ ಆಂಟಿಬಯೋಟಿಕ್ ಕೇಳುತ್ತಾರೆ. ಆದರೆ ಬಣ್ಣ ಸೋಂಕಿನ ಮೂಲವನ್ನು ಹೇಳುವುದಿಲ್ಲ. ಸಿಂಬಳಕ್ಕೆ ಹಸಿರು ಕೊಡುವುದು ನಮ್ಮದೇ ಬಿಳಿ ರಕ್ತಕಣಗಳ ಒಂದು ಕಿಣ್ವ. ಸಾಮಾನ್ಯ ವೈರಸ್ ನೆಗಡಿಯಲ್ಲೂ ಅದು ಇರುತ್ತದೆ. ವೈರಸ್ ನೆಗಡಿಗಳಲ್ಲಿ ಬ್ಯಾಕ್ಟೀರಿಯಾದ ಸೈನಸ್ ಸೋಂಕಿಗೆ ತಿರುಗುವುದು ನೂರಕ್ಕೆ ಎರಡನ್ನೂ ಮೀರದು.

ಹತ್ತು ದಿನದ ಗಡಿಯನ್ನೂ ಎಷ್ಟೋ ಸಲ ತಪ್ಪಾಗಿ ಓದುತ್ತೇವೆ. ಹತ್ತನೇ ದಿನವೂ ಮೂಗು ಸೋರಿದರೆ ಬ್ಯಾಕ್ಟೀರಿಯಾ ಸೋಂಕು ಎಂದಲ್ಲ. ಹತ್ತು ದಿನವಾದರೂ ಚೂರೂ ಇಳಿದಿಲ್ಲ ಎಂಬುದು ಮುಖ್ಯ. ಬ್ಯಾಕ್ಟೀರಿಯಾ ಸೋಂಕನ್ನು ಗುರುತಿಸಲು ಇನ್ನೆರಡು ದಾರಿಗಳಿವೆ: ಮೊದಲಿನಿಂದಲೇ ಮೂರು-ನಾಲ್ಕು ದಿನ 102 ಡಿಗ್ರಿ ಜ್ವರದೊಂದಿಗೆ ಕೀವಿನಂಥ ಸ್ರಾವ ಅಥವಾ ಮುಖನೋವು, ಇಲ್ಲವೇ ಐದಾರು ದಿನಕ್ಕೆ ವಾಸಿಯಾಗುತ್ತ ಬಂದು ಮತ್ತೆ ಕೆಡುವುದು.

ವಿವರಣೆಗಾಗಿ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಮಾಲೂರಿನ ಇಟ್ಟಿಗೆ ಗೂಡಿನ ಕೆಲಸಗಾರನಿಗೆ ಮೂರು ವಾರದಿಂದ ಎರಡೂ ಹೊಳ್ಳೆ ಕಟ್ಟಿವೆ. ಬೆಳಗ್ಗೆ ಸಾಲು ಸೀನು, ಕಣ್ಣು ತುರಿಕೆ, ನೀರಿನಂಥ ಸ್ರಾವ. ಜ್ವರವಿಲ್ಲ, ರಜೆಯಲ್ಲಿ ಹಗುರ. ಇದು ಅಲರ್ಜಿಯ ನಡೆ. ಮುಳಬಾಗಿಲಿನ ಮಹಿಳೆಯೊಬ್ಬರಿಗೆ ನೆಗಡಿ ಐದನೇ ದಿನಕ್ಕೆ ಇಳಿದಿತ್ತು. ಏಳನೇ ದಿನ ಜ್ವರ ಮರುಕಳಿಸಿತು, ಬಲಗೆನ್ನೆ ಒತ್ತಿದರೆ ನೋವು, ಮೇಲಿನ ದವಡೆಯ ಹಲ್ಲುಗಳಲ್ಲೂ ನೋವು, ಒಂದೇ ಹೊಳ್ಳೆಯಿಂದ ದಟ್ಟ ಸ್ರಾವ. ಆಂಟಿಬಯೋಟಿಕ್ ಯೋಚಿಸಬೇಕಾದದ್ದು ಇಲ್ಲಿ. ಹಲ್ಲಿನ ಬೇರಿನ ಸೋಂಕೇ ಮೂಲವಿರಬಹುದು, ಹಲ್ಲನ್ನೂ ನೋಡಿಸಬೇಕು.

ಶ್ರೀನಿವಾಸಪುರದಲ್ಲಿ ಮಾವು ಹೂ ಬಿಟ್ಟಾಗಿನ ಸೀನಿಗೆಲ್ಲ ಮಾವನ್ನೇ ದೂರುವುದುಂಟು. ಅದರ ಪರಾಗ ಅಂಟಂಟು. ಹೆಚ್ಚಾಗಿ ನೊಣ-ಕೀಟಗಳೇ ಹೊತ್ತೊಯ್ಯುತ್ತವೆ. ಪಾರ್ಥೇನಿಯಂ ಮತ್ತು ಹಾಸಿಗೆಯ ಧೂಳುನುಸಿಯ ಕಡೆ ಮೊದಲು ನೋಡುವುದು ವಾಸಿ.

ಔಷಧಿಯ ಲಾಭವೆಷ್ಟು? ವಯಸ್ಕರ ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ಕಾಕ್ರೇನ್ ವಿಮರ್ಶೆಯಂತೆ, ಆಂಟಿಬಯೋಟಿಕ್ ಇಲ್ಲದೆಯೂ ಹೆಚ್ಚುಕಡಿಮೆ ಅರ್ಧದಷ್ಟು ಜನ ವಾರದಲ್ಲಿ, ಸುಮಾರು ಮೂರರಲ್ಲಿ ಎರಡು ಪಾಲು ಎರಡು ವಾರದಲ್ಲಿ ಗುಣವಾದರು. ಕೊಟ್ಟಾಗ ನೂರಕ್ಕೆ ಐದು ಜನ ಹೆಚ್ಚಾಗಿ ಬೇಗ ಗುಣವಾದರೆ, ಹದಿಮೂರು ಜನರಿಗೆ ಭೇದಿಯಂಥ ಅಡ್ಡಪರಿಣಾಮ ಹೆಚ್ಚಾಯಿತು. ಮೇಲಿನ ಮೂರು ದಾರಿಗಳಲ್ಲಿ ಸಿಗದವರಿಗೆ ಲಾಭ ಇನ್ನೂ ಕಮ್ಮಿ ಎಂಬುದು ನನ್ನ ತೀರ್ಮಾನ. ವೈದ್ಯರು ಬರೆದುಕೊಟ್ಟರೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಐದರಿಂದ ಏಳು ದಿನ. ಪೆನಿಸಿಲಿನ್ ಒಗ್ಗದವರಿಗೆ ಬೇರೆಯದು.

ಕಾಯುವಾಗ ಉಪ್ಪುನೀರಿನಿಂದ ಮೂಗು ತೊಳೆಯಬಹುದು: ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಅರ್ಧ ಟೀಚಮಚ ಉಪ್ಪು. ಕೊಳಾಯಿ ಅಥವಾ ಕೊಳವೆಬಾವಿ ನೀರನ್ನು ಹಾಗೇ ಬಳಸಬಾರದು. ಅಲರ್ಜಿಗೆ ಸ್ಟೀರಾಯ್ಡ್ ಸ್ಪ್ರೇಯನ್ನು ಅದೇ ಬದಿಯ ಕಿವಿಯ ದಿಕ್ಕಿಗೆ ಓರೆಯಾಗಿ ಹಾಕಬೇಕು; ದಿನಕ್ಕೊಮ್ಮೆ ತಪ್ಪದೆ ಹಾಕಿದರೂ ಪೂರ್ತಿ ಫಲಕ್ಕೆ ವಾರಗಳು ಬೇಕು. ಮೂಗು ತಕ್ಷಣ ಬಿಡಿಸುವ ಹನಿಗಳನ್ನು ಐದು ದಿನ ದಾಟಿಸಿದರೆ ಮೂಗು ಮತ್ತಷ್ಟು ಕಟ್ಟಿಕೊಳ್ಳುತ್ತದೆ.

ಕಣ್ಣಿನ ಸುತ್ತ ಊತ, ಎರಡೆರಡು ಕಾಣುವುದು, ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಮಧುಮೇಹಿಗಳಲ್ಲಿ ಮೂಗಿನೊಳಗೆ ಕಪ್ಪು ಹಕ್ಕಳೆ ಕಂಡರೆ ದಿನ ಎಣಿಸದೆ ಅದೇ ಹೊತ್ತು ಆಸ್ಪತ್ರೆಗೆ ಹೋಗಬೇಕು.