ರೇಡಿಯೊಗೆ ಏರಿಳಿಯದ 9 ವೋಲ್ಟ್: ಝೀನರ್ ಡಯೋಡ್

ಮಾಳಮಡ್ಡಿಯ ಮನೆಯೊಂದರಲ್ಲಿ ಧಾರವಾಡ ಆಕಾಶವಾಣಿ ಕೇಳುವ 9 ವೋಲ್ಟಿನ ರೇಡಿಯೊ ದನಿ ಏರಿಸಿದಾಗ 20 ಮಿಲಿಆಂಪಿಯರ್ ಎಳೆಯುತ್ತದೆ ಎನ್ನೋಣ. ಕರೆಂಟು ಏರಿಳಿದಂತೆ ಅಡಾಪ್ಟರ್ 13ರಿಂದ 17 ವೋಲ್ಟ್ ಕೊಡುತ್ತದೆ. ನಡುವೆ ಒಂದು ರೆಸಿಸ್ಟರ್, ರೇಡಿಯೊಗೆ ಸಮಾಂತರವಾಗಿ 9.1 ವೋಲ್ಟಿನ ಝೀನರ್.

13 ವೋಲ್ಟಿನಲ್ಲೂ ರೇಡಿಯೊಗೆ 20, ಝೀನರ್‌ಗೆ ಕನಿಷ್ಠ 5 ಮಿಲಿಆಂಪಿಯರ್ ಸಿಗಬೇಕು. ಉಳಿದ 3.9 ವೋಲ್ಟನ್ನು ಆ 25 ಮಿಲಿಆಂಪಿಯರಿನಿಂದ ಭಾಗಿಸಿದರೆ 156 ಓಮ್. ಅದಕ್ಕಿಂತ ತುಸು ಕಡಿಮೆಯ, ಅಂಗಡಿಯಲ್ಲಿ ಸಿಗುವ 150 ಓಮ್ ಸಾಕು.

ಝೀನರ್ ಅತಿ ಹೆಚ್ಚು ಕಾಯುವುದು ರೇಡಿಯೊ ಆರಿಸಿದಾಗ! 17 ವೋಲ್ಟಿನಲ್ಲಿ 53 ಮಿಲಿಆಂಪಿಯರ್ ಪೂರ್ತಿ ಅದರಲ್ಲೇ ಹರಿದು 0.48 ವ್ಯಾಟ್ ಶಾಖವಾಗುತ್ತದೆ. ಅರ್ಧ ವ್ಯಾಟಿನದು ಬಾಳಲಾರದು, 1 ವ್ಯಾಟಿನದು ಬೇಕು. ರೆಸಿಸ್ಟರ್ ಪಾಲು 0.42, ಅದಕ್ಕೂ 1 ವ್ಯಾಟ್. ಅಡಾಪ್ಟರ್ 13ಕ್ಕಿಂತ ತೀರ ಇಳಿದರೆ ಝೀನರ್ ಹಿಡಿತ ಬಿಡುತ್ತದೆ, ರೇಡಿಯೊ ಗುಂಯ್‌ಗುಡುತ್ತದೆ.